ಬೆಕ್ಕಿನ ಹುಳುಕಡ್ಡಿ ಮನೆ ಬಿಟ್ಟು ಹೋಗಲು ಒಂಬತ್ತು ಸೂತ್ರಗಳು

ಗಂಗೊಳ್ಳಿ ಬಂದರಿನ ದಕ್ಕೆಯಲ್ಲಿ, ಕುಂದಾಪುರದ ಮೀನು ಮಾರುಕಟ್ಟೆಯ ಹಿಂದೆ, ಬೈಂದೂರು–ಬ್ರಹ್ಮಾವರದ ಪೇಟೆಗಳಲ್ಲಿ ಯಾರೋ ಬಿಟ್ಟುಹೋದ ಬೆಕ್ಕಿನ ಮರಿಗಳು ಸಿಗುತ್ತಲೇ ಇರುತ್ತವೆ. ಮಕ್ಕಳು ಎತ್ತಿಕೊಂಡು ಬರುತ್ತಾರೆ, ಹಾಲು ಕುಡಿಸುತ್ತಾರೆ, ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಾರೆ. ಎರಡು ಮೂರು ವಾರಗಳಲ್ಲಿ ಮರಿಯ ಕಿವಿಯ ಮೇಲೆ ಕೂದಲು ಉದುರುತ್ತದೆ, ಮಗುವಿನ ತೋಳಿನಲ್ಲಿ ಕೆಂಪು ಉಂಗುರ ಮೂಡುತ್ತದೆ. ಮನೆಯ ಹಿರಿಯರು ಮರಿಯನ್ನು ಬಂದಲ್ಲಿಗೇ ಬಿಟ್ಟು ಬರಲು ಹೇಳುತ್ತಾರೆ. ಹಾಗೆ ಬಿಟ್ಟು ಬಂದರೂ ರೋಗ ಮನೆಯಲ್ಲೇ ಉಳಿಯುತ್ತದೆ. ಅದನ್ನು ಪೂರ್ತಿ ತೊಲಗಿಸುವ ದಾರಿ ಬೇರೆ ಇದೆ.

1. ಉದುರಿದ ಕೂದಲಿನ ಬೆನ್ನು ಹತ್ತಿ

ಬೆಕ್ಕಿನ ಹುಳುಕಡ್ಡಿಗೆ ಕಾರಣ ಶಿಲೀಂಧ್ರ, ಅಂದರೆ ಫಂಗಸ್. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಅದು ಮೈಕ್ರೋಸ್ಪೋರಮ್ ಕೇನಿಸ್ ಎಂಬ ಜಾತಿ. ಅದರ ಆಹಾರ ಕೆರಾಟಿನ್. ಕೂದಲು, ಉಗುರು ಮತ್ತು ಚರ್ಮದ ಸತ್ತ ಮೇಲ್ಪದರ ಆಗಿರುವುದು ಈ ಕೆರಾಟಿನ್‌ನಿಂದಲೇ. ಫಂಗಸ್ ಕೂದಲಿನ ಬುಡಕ್ಕೆ ಇಳಿದು ಎಳೆಯನ್ನು ತಿನ್ನುತ್ತದೆ, ಎಳೆ ಪೆಡಸಾಗಿ ತುಂಡಾಗುತ್ತದೆ. ಆ ಒಂದೊಂದು ತುಂಡಿಗೂ ಬೀಜಕಣಗಳು, ಅಂದರೆ ಸ್ಪೋರುಗಳು, ಅಂಟಿಕೊಂಡಿರುತ್ತವೆ.

ಒಣ ಜಾಗದಲ್ಲಿ ಬಿದ್ದ ಸ್ಪೋರು ಒಂದೂವರೆ ವರ್ಷದವರೆಗೂ ಜೀವ ಹಿಡಿದುಕೊಂಡಿರಬಲ್ಲದು ಎಂದು ಪ್ರಯೋಗಾಲಯಗಳಲ್ಲಿ ಕಂಡಿದೆ. ಬೆಕ್ಕನ್ನು ಓಡಿಸಿದರೂ ಮನೆಯಲ್ಲಿ ಹೊಸ ಉಂಗುರಗಳು ಏಳುವುದು ಇದರಿಂದಲೇ. ಸಮಾಧಾನದ ಸಂಗತಿಯೂ ಒಂದಿದೆ: ಸ್ಪೋರು ನೆಲದ ಮೇಲೆ, ಚಾಪೆಯ ಮೇಲೆ ಬೆಳೆದು ಹೆಚ್ಚುವುದಿಲ್ಲ. ಬಿದ್ದಷ್ಟೇ ಇರುತ್ತದೆ, ಗುಡಿಸಿ ಒರೆಸಿದಷ್ಟೂ ಕಡಿಮೆಯಾಗುತ್ತದೆ. ಬೆಕ್ಕಿನ ಮೈಯಿಂದ ಹೊಸ ಸ್ಪೋರು ಬೀಳದಂತೆ ಮಾಡಬೇಕು, ಬಿದ್ದ ಕೂದಲನ್ನು ಎತ್ತಬೇಕು. ಮುಂದಿನ ಎಲ್ಲ ಸೂತ್ರಗಳೂ ಈ ಎರಡು ಕೆಲಸದ ವಿವರಗಳೇ.

2. ಕೆರೆತ ಎಷ್ಟಿದೆ ಎಂದು ಮೊದಲು ನೋಡಿ

ಬೆಕ್ಕಿನ ಕೂದಲು ಉದುರಿದರೆಲ್ಲ ಹುಳುಕಡ್ಡಿಯಲ್ಲ. ಹುಳುಕಡ್ಡಿ ಸಾಮಾನ್ಯವಾಗಿ ಮೂತಿ, ಕಣ್ಣಿನ ಮೇಲ್ಭಾಗ, ಕಿವಿಯ ಹೊರಮೈ, ಮುಂಗಾಲುಗಳಲ್ಲಿ ಶುರುವಾಗುತ್ತದೆ. ಬೋಳಾದ ಜಾಗ ಬೂದಿ ಉದುರಿಸಿದ ಹಾಗೆ ಬೆಳ್ಳಗೆ ಹೊಟ್ಟೇಳುತ್ತದೆ, ಅಂಚಿನಲ್ಲಿ ಮುರಿದ ಮೋಟು ಕೂದಲು ಕಾಣುತ್ತದೆ. ಬೆಕ್ಕು ಅದನ್ನು ಕೆರೆದುಕೊಳ್ಳುವುದು ಕಡಿಮೆ, ಕೆಲವು ಬೆಕ್ಕುಗಳು ಕೆರೆದುಕೊಳ್ಳುವುದೇ ಇಲ್ಲ.

ಕಿವಿಯ ಅಂಚಿನಿಂದ ಶುರುವಾಗಿ ಮುಖ, ಕತ್ತಿಗೆ ದಪ್ಪ ಹಕ್ಕಳೆ ಹಬ್ಬಿ, ಬೆಕ್ಕು ರಕ್ತ ಬರುವಷ್ಟು ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿಯ ನುಸಿ ಇರಬಹುದು. ಅದಕ್ಕೆ ಔಷಧಿಯೇ ಬೇರೆ. ಬಾಲದ ಬುಡ ಮತ್ತು ಸೊಂಟದ ಮೇಲೆ ಕೂದಲು ಹೋಗಿ, ಕರಿ ಕಣಗಳು ಕಂಡರೆ ಚಿಗಟದ ಕಾಟ. ಕಜ್ಜಿಯ ನುಸಿಯೂ ಮನುಷ್ಯರ ಮೈಗೆ ತುರಿಕೆ ತರುತ್ತದೆ. ಆದ್ದರಿಂದ ಕಣ್ಣಂದಾಜಿನಲ್ಲಿ ಮದ್ದು ಶುರು ಮಾಡಬೇಡಿ.

ಹುಳುಕಡ್ಡಿ ಹೆಚ್ಚು ಹಿಡಿಯುವುದು ಒಂದು ವರ್ಷದೊಳಗಿನ ಮರಿಗಳಿಗೆ, ಸೊರಗಿದ ಬೆಕ್ಕುಗಳಿಗೆ ಮತ್ತು ಪರ್ಷಿಯನ್‌ನಂಥ ಉದ್ದಕೂದಲಿನ ತಳಿಗಳಿಗೆ. ಆರೋಗ್ಯವಾಗಿರುವ ದೊಡ್ಡ ಬೆಕ್ಕು ಮೈಮೇಲೆ ಯಾವ ಗುರುತೂ ಇಲ್ಲದೆ ಕೂದಲಲ್ಲಿ ಸ್ಪೋರು ಹೊತ್ತು ತಿರುಗಬಲ್ಲದು. ಒಂದು ಬೆಕ್ಕಿಗೆ ಬಂದಿದ್ದರೆ ಮನೆಯ ಎಲ್ಲ ಬೆಕ್ಕು, ನಾಯಿಗಳನ್ನೂ ತೋರಿಸಿ.

3. ಹಸಿರು ಹೊಳಪು ನೋಡಿಸಿ, ಬ್ರಶ್ಶಿನ ಪರೀಕ್ಷೆ ಮಾಡಿಸಿ

ಪಶುವೈದ್ಯರ ಬಳಿ ವುಡ್ಸ್ ಲ್ಯಾಂಪ್ ಇದ್ದರೆ ಕೆಲಸ ಬೇಗ ಸಾಗುತ್ತದೆ. 365 ನ್ಯಾನೋಮೀಟರಿನ ನೇರಳಾತೀತ ಬೆಳಕು ಬಿಡುವ ದೀಪ ಅದು. ಅಮೆರಿಕದ ವಿಜ್ಞಾನಿ ರಾಬರ್ಟ್ ವುಡ್ ಇದರ ಶೋಧಕ ಗಾಜನ್ನು 1903ರಲ್ಲಿ ರೂಪಿಸಿದರು, 1925ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಕೂದಲಿನ ಫಂಗಸ್ ಪತ್ತೆಗೆ ಇದನ್ನು ಬಳಸಿದರು. ಕತ್ತಲೆ ಕೋಣೆಯಲ್ಲಿ ದೀಪವನ್ನು ಚರ್ಮಕ್ಕೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಹಿಡಿದು, ಹಕ್ಕಳೆಯನ್ನು ಸ್ವಲ್ಪ ಎತ್ತಿ ನೋಡಬೇಕು. ಮೈಕ್ರೋಸ್ಪೋರಮ್ ಹಿಡಿದ ಕೂದಲಿನ ಎಳೆ ಬುಡದಿಂದಲೇ ಎಳೆ ಹಸಿರಾಗಿ ಹೊಳೆಯುತ್ತದೆ.

ಹೊಳೆಯಬೇಕಾದ್ದು ಎಳೆ, ಹೊಟ್ಟಲ್ಲ. ಚರ್ಮದ ಹೊಟ್ಟು, ಹಚ್ಚಿದ ಮುಲಾಮು, ಬಟ್ಟೆಯ ನಾರು ಕೂಡ ನೀಲಿಯಾಗಿಯೋ ಹಳದಿಯಾಗಿಯೋ ಮಿನುಗುತ್ತವೆ. ಆದ್ದರಿಂದ ವೈದ್ಯರಲ್ಲಿಗೆ ಹೋಗುವ ಮೊದಲು ಯಾವ ಮುಲಾಮನ್ನೂ ಹಚ್ಚಬೇಡಿ. ನೋಟು ಪರೀಕ್ಷಿಸುವ ಅಗ್ಗದ ನೇರಳೆ ಟಾರ್ಚು ಇದಕ್ಕೆ ಆಗುವುದಿಲ್ಲ. ಅದರ ನೇರಳೆ ಬೆಳಕೇ ಕಣ್ಣು ತುಂಬಿ ಹಸಿರು ಮುಚ್ಚಿಹೋಗುತ್ತದೆ.

ಹೊಳಪು ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು. ಖಾತ್ರಿಗೆ ಕಲ್ಚರ್ ಪರೀಕ್ಷೆ ಬೇಕು. ಹೊಸ ಟೂತ್‌ಬ್ರಶ್ಶಿನಿಂದ ಬೆಕ್ಕಿನ ಇಡೀ ಮೈಯನ್ನು ಎರಡು ಮೂರು ನಿಮಿಷ ಬಾಚಿ, ಗಾಯದ ಜಾಗವನ್ನು ಕೊನೆಗೆ ಬಾಚಿ, ಬ್ರಶ್ಶನ್ನು ಶುಭ್ರ ಚೀಲದಲ್ಲಿ ಹಾಕಿ ಲ್ಯಾಬಿಗೆ ಕೊಡುತ್ತಾರೆ. ಕಲ್ಚರ್ ತಟ್ಟೆಯ ಬಣ್ಣ ಕೆಂಪಾಗುವುದಕ್ಕೆ ಎರಡು ವಾರದವರೆಗೂ ಹಿಡಿಯಬಹುದು. ಬೇರೆ ಬೂಷ್ಟು ಬೆಳೆದರೂ ತಟ್ಟೆ ಕೆಂಪಾಗುವುದುಂಟು. ಹಾಗಾಗಿ ಬೆಳೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರು ಹೇಳಿದರೆ ಮಾತ್ರ ವರದಿ ಪೂರ್ಣ.

4. ಬೆಕ್ಕಿಗೆ ಒಂದು ಕೋಣೆ ಬಿಟ್ಟುಕೊಡಿ

ಚಿಕಿತ್ಸೆ ಮುಗಿಯುವವರೆಗೆ ಬೆಕ್ಕು ಮನೆಯೆಲ್ಲ ಓಡಾಡಬಾರದು. ಟೈಲ್ಸ್ ಅಥವಾ ಕಾವಿ ನೆಲದ, ಗಾಳಿ ಬೆಳಕು ಬರುವ, ಸಾಮಾನು ಕಡಿಮೆ ಇರುವ ಒಂದು ಕೋಣೆ ಸಾಕು. ಅಟ್ಟ, ತೆಂಗಿನಕಾಯಿ ರಾಶಿಯ ಕೋಣೆ, ಹುಲ್ಲು ಪೇರಿಸಿದ ಕೊಟ್ಟಿಗೆ ಬೇಡ. ಅಲ್ಲಿ ಬಿದ್ದ ಕೂದಲನ್ನು ಎತ್ತುವುದು ಸಾಧ್ಯವಿಲ್ಲ. ಮಲಗಲು ಹಳೆ ಹತ್ತಿ ಬಟ್ಟೆ ಹಾಸಿ, ದಿನವೂ ಬದಲಿಸಿ.

ಕೋಣೆಯೊಳಗೆ ಹೋಗುವವರಿಗೆ ಒಂದು ಹಳೆ ಅಂಗಿ, ಒಂದು ಜೊತೆ ಗ್ಲೌಸು ಬಾಗಿಲ ಹೊರಗೆ ತೂಗುಹಾಕಿರಲಿ. ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸ್ಪೋರು ಚರ್ಮದೊಳಗೆ ಇಳಿಯಲು ಸಣ್ಣ ತರಚು ಮತ್ತು ತೇವ ಬೇಕು. ಬೇಗ ತೊಳೆದರೆ ಬಹುಪಾಲು ಹೋಗುತ್ತದೆ.

ಮರಿಯನ್ನು ಒಂಟಿಯಾಗಿ ಬೀಗ ಹಾಕಿ ಇಡಬೇಡಿ. ಎರಡರಿಂದ ಏಳೆಂಟು ವಾರದ ವಯಸ್ಸಿನಲ್ಲಿ ಮನುಷ್ಯರ ಒಡನಾಟ ಸಿಗದ ಮರಿ ಮುಂದೆ ಅಂಜುಬುರುಕಿಯಾಗುತ್ತದೆ. ಮನೆಯ ದೊಡ್ಡವರೊಬ್ಬರು ಗ್ಲೌಸು ಹಾಕಿಕೊಂಡೇ ದಿನಕ್ಕೆ ಕೆಲವು ಸಲ ಆಡಿಸಲಿ. ಪುಟ್ಟ ಮಕ್ಕಳು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮಾತ್ರ ಆ ಕೋಣೆಯಿಂದ ದೂರವಿರಲಿ.

5. ವಾರಕ್ಕೆ ಎರಡು ಸ್ನಾನ, ಒಂದೊಂದಕ್ಕೂ ಹತ್ತು ನಿಮಿಷ

ಮಾತ್ರೆ ಕೂದಲಿನ ಬುಡದಲ್ಲಿ ಕೆಲಸ ಮಾಡುತ್ತದೆ. ಆಗಲೇ ಹೊರಗೆ ಬಂದಿರುವ ಕೂದಲ ಮೇಲಿನ ಸ್ಪೋರನ್ನು ಕೊಲ್ಲುವುದು ಸ್ನಾನ ಮಾತ್ರ. 2 ಶೇಕಡಾ ಮೈಕೋನಜೋಲ್ ಮತ್ತು 2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಸೇರಿದ ಶಾಂಪೂ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮಲ್ಲಿ ಸಿಗುವ ಬೇರೆ ಶಾಂಪೂ ಆಗಬಹುದೇ ಎಂದು ಪಶುವೈದ್ಯರನ್ನು ಕೇಳಿ.

ಉಗುರುಬೆಚ್ಚನೆಯ ನೀರು, ಇಬ್ಬರು ಜನ. ಒಬ್ಬರು ಹೆಗಲ ಬಳಿ ಹಿಡಿದುಕೊಳ್ಳಲಿ, ಇನ್ನೊಬ್ಬರು ಕತ್ತಿನಿಂದ ಬಾಲದವರೆಗೆ, ಹೊಟ್ಟೆಯ ಕೆಳಗೆ, ಬೆರಳಿನ ಸಂದುಗಳಿಗೂ ನೊರೆ ಮುಟ್ಟಿಸಲಿ. ಮುಖಕ್ಕೆ ಶಾಂಪೂ ಬೇಡ, ವೈದ್ಯರು ಹೇಳಿದ ಕ್ರೀಮು ತೆಳುವಾಗಿ ಹಚ್ಚಿ. ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕು. ಸ್ನಾನದಿಂದ ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಎರಡೇ ನಿಮಿಷಕ್ಕೆ ತೊಳೆದುಬಿಟ್ಟಿರುತ್ತಾರೆ. ಮಳೆಗಾಲದ ಥಂಡಿಯಲ್ಲಿ ಸಣ್ಣ ಮರಿ ಬೇಗ ಸೆಟೆದುಕೊಳ್ಳುತ್ತದೆ. ಎರಡು ಟವೆಲಿನಿಂದ ಒರೆಸಿ, ಮೈ ಪೂರ್ತಿ ಒಣಗುವವರೆಗೆ ಬೆಚ್ಚಗಿಡಿ.

ಇಡೀ ಮೈಯನ್ನು ಬೋಳಿಸಬೇಡಿ. ಕತ್ತರಿ ಮೆಷಿನ್ನಿನ ತರಚಿನಲ್ಲೇ ಹೊಸ ಗಾಯಗಳು ಏಳುತ್ತವೆ. ಗಂಟುಕಟ್ಟಿದ ಕೂದಲಿದ್ದರೆ ಮೊಂಡು ತುದಿಯ ಕತ್ತರಿಯಿಂದ ಅಷ್ಟನ್ನೇ ತೆಗೆಯಿರಿ. ಸೀಮೆಎಣ್ಣೆ, ಫಿನಾಯಿಲ್, ಟೀ ಟ್ರೀ ಎಣ್ಣೆ ಎಂದೂ ಹಚ್ಚಬೇಡಿ. ಫಿನಾಲಿನಂಥ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ, ಅಂದರೆ ಲಿವರಿಗೆ, ಬಹಳ ಕಡಿಮೆ. ಹಚ್ಚಿದ್ದನ್ನು ನೆಕ್ಕಿಯೇ ಅದು ವಿಷ ಏರಿಸಿಕೊಳ್ಳುತ್ತದೆ.

6. ಮಾತ್ರೆಯನ್ನು ತೂಕ ನೋಡಿಯೇ ಕೊಡಿ

ಈಗ ಹೆಚ್ಚು ಬಳಕೆಯಲ್ಲಿರುವುದು ಇಟ್ರಕೊನಜೋಲ್. ದಿನಕ್ಕೊಮ್ಮೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ, ಒಂದು ವಾರ ಕೊಟ್ಟು ಒಂದು ವಾರ ಬಿಡುವುದು, ಹೀಗೆ ಮೂರು ಸುತ್ತು. ಬಿಟ್ಟ ವಾರದಲ್ಲೂ ಔಷಧಿ ಚರ್ಮ ಮತ್ತು ಕೂದಲಿನಲ್ಲಿ ಉಳಿದು ಕೆಲಸ ಮಾಡುತ್ತದೆ. ಟರ್ಬಿನಾಫಿನ್ ಇನ್ನೊಂದು ಆಯ್ಕೆ. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ಪಶುವೈದ್ಯರು ಬೆಕ್ಕನ್ನು ತೂಗಿ ನಿರ್ಧರಿಸಬೇಕು.

ಮನುಷ್ಯರ ಇಟ್ರಕೊನಜೋಲ್ ಕ್ಯಾಪ್ಸೂಲು ಸಾಮಾನ್ಯವಾಗಿ 100 ಮಿಲಿಗ್ರಾಂ. 800 ಗ್ರಾಂ ತೂಗುವ ಮರಿಗೆ ದಿನಕ್ಕೆ ಬೇಕಾದದ್ದು 4 ಮಿಲಿಗ್ರಾಂ. ಒಂದು ಕ್ಯಾಪ್ಸೂಲು ಎಂದರೆ ಅದರ 25 ದಿನದ ಪ್ರಮಾಣ. ಕ್ಯಾಪ್ಸೂಲು ಒಡೆದು ಚಿಟಿಕೆಯಲ್ಲಿ ಅಳೆದರೆ ಒಂದು ದಿನ ಹೆಚ್ಚಾಗಿ ಲಿವರ್ ಕೆಡುತ್ತದೆ, ಇನ್ನೊಂದು ದಿನ ಕಡಿಮೆಯಾಗಿ ರೋಗ ಉಳಿಯುತ್ತದೆ. ಮರಿಗಳಿಗೆ ದ್ರವರೂಪದ ಔಷಧಿಯನ್ನೇ ಕೇಳಿ. ಬೆಕ್ಕು ಊಟ ಬಿಟ್ಟರೆ, ವಾಂತಿ ಮಾಡಿದರೆ, ವಸಡು ಹಳದಿಯಾದರೆ ಔಷಧಿ ನಿಲ್ಲಿಸಿ ಆ ದಿನವೇ ವೈದ್ಯರಿಗೆ ತೋರಿಸಿ. ಗಬ್ಬದ ಬೆಕ್ಕಿಗೆ ಈ ಮಾತ್ರೆಗಳು ಬೇಡ. ಸ್ನಾನದಲ್ಲೇ ಸಂಭಾಳಿಸಬೇಕು.

ಏನೂ ಮಾಡದೆ ಬಿಟ್ಟರೂ ಗಟ್ಟಿಮುಟ್ಟಾದ ಬೆಕ್ಕಿಗೆ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುವುದುಂಟು. ಆದರೆ ಅಷ್ಟು ದಿನವೂ ಅದು ಮನೆಯ ತುಂಬ ಸ್ಪೋರು ಉದುರಿಸುತ್ತಿರುತ್ತದೆ. ಮಾತ್ರೆ, ಸ್ನಾನ ಎರಡೂ ಜೊತೆಗೆ ನಡೆಯಬೇಕು ಎಂದು 2017ರಲ್ಲಿ ವಿಶ್ವ ಪಶುಚರ್ಮವೈದ್ಯರ ಸಂಘ ಪ್ರಕಟಿಸಿದ ಮಾರ್ಗಸೂಚಿಯೂ ಹೇಳುತ್ತದೆ.

7. ಮೊದಲು ಕೂದಲು, ಆಮೇಲೆ ಸೋಪು, ಕೊನೆಗೆ ಬ್ಲೀಚು

ಈ ಕ್ರಮ ತಪ್ಪಬಾರದು. ಕೂದಲು, ಕೊಳೆ ಇರುವ ನೆಲದ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಗೇ ಮುಗಿದುಹೋಗುತ್ತದೆ.

ಒಣ ಹಿಡಿಸೂಡಿಯಲ್ಲಿ ಗುಡಿಸಿದರೆ ಕೂದಲು ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒತ್ತಿ ಎತ್ತಿ, ಅಥವಾ ವ್ಯಾಕ್ಯೂಮ್ ಬಳಸಿ. ಸೋಫಾ, ಕುರ್ಚಿಯ ದಿಂಬಿಗೆ ಅಗಲದ ಅಂಟುಪಟ್ಟಿ ಒತ್ತಿ ಕೀಳಿ. ಆಮೇಲೆ ಸೋಪಿನ ನೀರಿನಲ್ಲಿ ಒರೆಸಿ ತೊಳೆಯಿರಿ. ಬೆಕ್ಕಿನ ಕೋಣೆಗೆ ಇಷ್ಟು ದಿನಾಲೂ ಆಗಬೇಕು. ವಾರಕ್ಕೆ ಎರಡು ಸಲ, ಬೆಕ್ಕಿನ ಸ್ನಾನದ ದಿನವೇ, ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚನ್ನು ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿಲೀಟರ್ ಬೆರೆಸಿ, ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರುವಂತೆ ಒರೆಸಿ. ನೆಲ ಒಣಗುವವರೆಗೆ ಬೆಕ್ಕು ಬೇರೆಡೆ ಇರಲಿ. ಬ್ಲೀಚಿನ ಜೊತೆ ಪಾಯಿಖಾನೆ ತೊಳೆಯುವ ಆ್ಯಸಿಡ್ಡನ್ನಾಗಲಿ ಫಿನಾಯಿಲನ್ನಾಗಲಿ ಬೆರೆಸಬೇಡಿ. ಆ್ಯಸಿಡ್ ಸೇರಿದರೆ ವಿಷಾನಿಲ ಏಳುತ್ತದೆ.

ಬಟ್ಟೆಗೆ ಬಿಸಿನೀರೇ ಬೇಕೆಂದಿಲ್ಲ. ಮೆಷಿನ್ನಿನಲ್ಲಿ ತಣ್ಣೀರಲ್ಲೇ ಎರಡು ಸಲ ಒಗೆದರೆ ಕೂದಲು ಕೊಚ್ಚಿಹೋಗುತ್ತದೆ. ಮೆಷಿನ್ ತುಂಬ ತುರುಕಬೇಡಿ, ನೀರು ಚೆನ್ನಾಗಿ ಕದಡಬೇಕು. ಬೆಕ್ಕು ಮಲಗುತ್ತಿದ್ದ ಗೋಣಿಚೀಲ, ರಟ್ಟಿನ ಪೆಟ್ಟಿಗೆ, ಬಾಚಣಿಗೆ ಉಳಿಸಿಕೊಳ್ಳುವ ಆಸೆ ಬಿಡಿ. ಅವನ್ನು ಎಸೆದುಬಿಡುವುದೇ ಅಗ್ಗ.

8. ಮೈಮೇಲಿನ ಉಂಗುರ ಎಲ್ಲಿಂದ ಬಂತು ಎಂದು ಗುರುತಿಸಿ

ಬೆಕ್ಕಿನಿಂದ ಬಂದ ಹುಳುಕಡ್ಡಿ ಬೆಕ್ಕು ತಾಗಿದ ಜಾಗದಲ್ಲೇ ಏಳುತ್ತದೆ: ಮುಂದೋಳು, ಕತ್ತು, ಎದೆ, ಕೆನ್ನೆ. ಸಂಪರ್ಕವಾದ ಒಂದೆರಡು ವಾರದಲ್ಲಿ ಅಂಚು ಉಬ್ಬಿ, ನಡು ತಿಳಿಯಾದ ಕೆಂಪು ಉಂಗುರಗಳು ಕಾಣುತ್ತವೆ. ತೊಡೆಸಂದು, ಸೊಂಟಪಟ್ಟಿಯ ಸುತ್ತ, ಪೃಷ್ಠದ ಮೇಲೆ ಅಂಗೈಯಗಲ ಹಬ್ಬಿ ನಿದ್ದೆಗೆಡಿಸುವಂತೆ ತುರಿಸುತ್ತಿದ್ದರೆ ಅದಕ್ಕೆ ಬೆಕ್ಕನ್ನು ದೂರಬೇಡಿ. ದೇಶದಲ್ಲೆಲ್ಲ ಹಬ್ಬಿರುವ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಫಂಗಸ್ ಮನುಷ್ಯರಿಂದ ಮನುಷ್ಯರಿಗೆ ದಾಟುತ್ತದೆ. 2020ರಲ್ಲಿ ಹೆಸರು ಪಡೆದ ಇದಕ್ಕೆ ಟರ್ಬಿನಾಫಿನ್ ಎಷ್ಟೋ ಸಲ ನಾಟುವುದಿಲ್ಲ. ಮಳೆಗಾಲದಲ್ಲಿ ಅರ್ಧ ಒಣಗಿದ ಒಳಉಡುಪು, ಮನೆಮಂದಿಗೆಲ್ಲ ಒಂದೇ ಟವೆಲು ಇದ್ದರೆ ಅದಕ್ಕೆ ಅಷ್ಟೇ ಸಾಕು. ಕರುಗಳ ಕಣ್ಣಿನ ಸುತ್ತ ದಪ್ಪ ಬೂದು ಹಕ್ಕಳೆ ಏಳಿಸುವ ಫಂಗಸ್ಸೂ ಬೇರೆಯದೇ, ಹಟ್ಟಿಯ ಕೆಲಸ ಮಾಡುವವರ ಕೈಗೆ ಹತ್ತುತ್ತದೆ.

ಬೆಕ್ಕಿನಿಂದ ಬಂದ ಒಂದೆರಡು ಉಂಗುರಗಳಿಗೆ ಕ್ಲೋಟ್ರಿಮಜೋಲ್‌ನಂಥ ಸಾದಾ ಫಂಗಸ್ ಕ್ರೀಮು ದಿನಕ್ಕೆ ಎರಡು ಸಲ, ಉಂಗುರದ ಹೊರಗೂ ಎರಡು ಸೆಂಟಿಮೀಟರ್ ಬರುವಂತೆ, ಎರಡರಿಂದ ನಾಲ್ಕು ವಾರ ಹಚ್ಚಬೇಕು. ಗುರುತು ಮಾಸಿದ ಮೇಲೂ ಒಂದು ವಾರ ಮುಂದುವರಿಸಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮು ಮಾತ್ರ ಬೇಡ. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೀಟಾಮೆಥಸೋನ್ ಎಂದಿದ್ದರೆ ವಾಪಸ್ ಕೊಡಿ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಒಳಗೆ ಫಂಗಸ್ ಹಬ್ಬುತ್ತದೆ, ಉಂಗುರದ ಆಕಾರ ಅಳಿಸಿಹೋಗಿ ಚರ್ಮವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ.

ಮಗುವಿನ ತಲೆಯಲ್ಲಿ ಕೂದಲು ಮುರಿದು ಹೊಟ್ಟೆದ್ದ ಬಿಲ್ಲೆ ಕಂಡರೆ, ಮೆತ್ತಗೆ ಬಾತು ಕೀವು ಬಂದರೆ, ಕ್ರೀಮಿನಿಂದ ಆಗದು. ಕೂದಲ ಬುಡಕ್ಕೆ ಕ್ರೀಮು ಇಳಿಯುವುದಿಲ್ಲ. ಹಲವು ವಾರ ಹೊಟ್ಟೆಗೆ ಔಷಧಿ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲೋ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥಲ್ಲೋ ಚರ್ಮವೈದ್ಯರಿಗೆ ತೋರಿಸಿ, ಮನೆಯಲ್ಲಿ ಬೆಕ್ಕಿದೆ ಎಂಬುದನ್ನು ಮೊದಲೇ ಹೇಳಿ. ಔಷಧಿಯ ಆಯ್ಕೆ ಅದರ ಮೇಲೆ ನಿಂತಿರುತ್ತದೆ.

9. ಕೂದಲು ಬಂತೆಂದು ನಿಲ್ಲಿಸಬೇಡಿ, ಬ್ರಶ್ಶು ಹೇಳಿದಾಗ ನಿಲ್ಲಿಸಿ

ತಲ್ಲೂರಿನ ಕಡೆಯ ಒಂದು ಮನೆ ಎಂದು ಇಟ್ಟುಕೊಳ್ಳಿ. ಜುಲೈ ತಿಂಗಳು, ಮೂರು ತಿಂಗಳ ಮರಿ, ತೂಕ 1.2 ಕಿಲೋ, ಎರಡು ಕಿವಿ ಮತ್ತು ಬಲಗಾಲಿನಲ್ಲಿ ಗಾಯ. ಮಗಳ ಮುಂದೋಳಿನಲ್ಲಿ ಎರಡು ಉಂಗುರ. ವುಡ್ಸ್ ಲ್ಯಾಂಪಿನಲ್ಲಿ ಹಸಿರು ಹೊಳಪು ಕಂಡಿದೆ. ವೈದ್ಯರು ದಿನಕ್ಕೆ 6 ಮಿಲಿಗ್ರಾಂ ಇಟ್ರಕೊನಜೋಲ್ ದ್ರವವನ್ನು ಒಂದು, ಮೂರು, ಐದನೆಯ ವಾರಕ್ಕೆ ಬರೆದಿದ್ದಾರೆ. ಬುಧವಾರ, ಭಾನುವಾರ ಸ್ನಾನ.

ಮೊದಲ ವಾರದಲ್ಲಿ ಗಾಯ ದೊಡ್ಡದಾದಂತೆ ಕಾಣುತ್ತದೆ, ಹೊಸ ಬಿಲ್ಲೆಯೂ ಏಳಬಹುದು. ಔಷಧಿಗೆ ಮೊದಲೇ ಸೋಂಕಿದ ಕೂದಲು ಈಗ ಉದುರುತ್ತಿದೆ, ಗಾಬರಿ ಬೇಡ. ಮೂರನೆಯ ವಾರಕ್ಕೆ ಕಿವಿಯ ಮೇಲೆ ನಯವಾದ ಹೊಸ ಕೂದಲು. ದೀಪ ಹಿಡಿದರೆ ಎಳೆಯ ಬುಡದಲ್ಲಿ ಹೊಳಪಿಲ್ಲ, ತುದಿಯಲ್ಲಷ್ಟೇ ಹಸಿರು. ರೋಗ ಹಿಮ್ಮೆಟ್ಟುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತಿಲ್ಲ: ಬುಡದ ಕೂದಲು ಸೋಂಕಿಲ್ಲದೆ ಬೆಳೆದು, ಹಳೆಯ ಸೋಂಕನ್ನು ತುದಿಗೆ ತಳ್ಳಿದೆ. ಮಗಳ ಉಂಗುರಗಳೂ ಮಾಸಿವೆ, ಕ್ರೀಮು ನಡೆಯುತ್ತಿದೆ.

ಈ ಮನೆ ಎಡವುವುದಾದರೆ ಇಲ್ಲೇ. ಮರಿ ಲಕ್ಷಣವಾಗಿ ಕಾಣುತ್ತದೆ, ಸ್ನಾನ ಬೇಸರವಾಗುತ್ತದೆ, ಕೋಣೆಯ ಬಾಗಿಲು ತೆರೆಯುತ್ತದೆ. ಆದರೆ ಕಣ್ಣಿಗೆ ಕಾಣುವ ಗುಣ ಮೊದಲು ಬರುತ್ತದೆ, ಫಂಗಸ್ ಪೂರ್ತಿ ಹೋಗುವುದು ಕೆಲವು ವಾರಗಳ ನಂತರ. ಮಾತ್ರೆ ಮುಗಿದ ಮೇಲೂ ಸ್ನಾನ ಮುಂದುವರಿಯಬೇಕು. ಆರನೆಯ ವಾರದ ಹೊತ್ತಿಗೆ ಟೂತ್‌ಬ್ರಶ್ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಒಂದೇ ಬೆಕ್ಕು, ಆರೋಗ್ಯವಂತ ಬೆಕ್ಕು, ಔಷಧಿ ತಪ್ಪಿಲ್ಲ ಎಂದಾದರೆ ಒಂದು ಸಲ ಫಂಗಸ್ ಬೆಳೆಯದಿದ್ದರೆ ಸಾಕು. ಹಲವು ಬೆಕ್ಕುಗಳಿರುವ ಮನೆಯಲ್ಲಿ ಎರಡು ಸಲ ಬೆಳೆಯದಿರುವುದನ್ನು ನೋಡಿಕೊಳ್ಳುವುದು ಕ್ಷೇಮ.

ವರದಿಯಲ್ಲಿ ಎರಡು ಮೂರು ಸಣ್ಣ ಚುಕ್ಕಿಯಷ್ಟೇ ಫಂಗಸ್ ಬೆಳೆದು, ಬೆಕ್ಕಿನ ಮೈಮೇಲೆ ಗಾಯವಿಲ್ಲದಿದ್ದರೆ ಆ ಸ್ಪೋರು ಮನೆಯಿಂದ ಮೈಗೆ ಅಂಟಿದ್ದು. ಏಳನೆಯ ಸೂತ್ರಕ್ಕೆ ಮರಳಿ, ಮನೆ ಒರೆಸಿ, ಬೆಕ್ಕಿಗೊಂದು ಸ್ನಾನ ಮಾಡಿಸಿ ಮತ್ತೆ ಪರೀಕ್ಷಿಸಿ. ತಟ್ಟೆ ತುಂಬ ಬೆಳೆದಿದ್ದರೆ ಸೋಂಕು ಬೆಕ್ಕಿನ ಮೈಯಲ್ಲೇ ಉಳಿದಿದೆ. ಔಷಧಿಯ ಪ್ರಮಾಣ, ಸ್ನಾನದ ಹತ್ತು ನಿಮಿಷ, ಮನೆಗೆ ಬಂದುಹೋಗುವ ಬೇರೆ ಬೆಕ್ಕು, ಈ ಮೂರನ್ನು ವೈದ್ಯರೊಂದಿಗೆ ಕೂತು ಪರಿಶೀಲಿಸಿ. ಏನೂ ಬೆಳೆಯದ ತಟ್ಟೆಯ ವರದಿ ಕೈಗೆ ಬಂದ ದಿನ ಕೋಣೆಯ ಬಾಗಿಲು ತೆರೆಯಿರಿ.